ಕರೆಂಟ್ ಬಿಲ್ಲಿನ ಸ್ಲ್ಯಾಬ್ ತೋರಿಸೋದು ಹೇಗೆ?

ಪ್ರಶ್ನೆ: ಮನೆಯ ಕರೆಂಟ್ ಬಿಲ್ ಬಗ್ಗೆ ಆನಿಮೇಟೆಡ್ ಇನ್ಫೋಗ್ರಾಫಿಕ್ ಮಾಡ್ತಿದ್ದೇನೆ. ಯೂನಿಟ್, ಸ್ಲ್ಯಾಬ್ ಹೇಗೆ ತೋರಿಸಲಿ?

ಒಂದರ ಮೇಲೊಂದು ಇಟ್ಟ ಡಬ್ಬಗಳಂತೆ ತೋರಿಸಿ. ಸಾಮಾನ್ಯ ಸ್ಲ್ಯಾಬ್ ಲೆಕ್ಕದಲ್ಲಿ, ಕೆಳಗಿನ ಡಬ್ಬ ತುಂಬಿದ ಮೇಲೆ ಉಳಿದ ಯೂನಿಟ್‌ಗಳಿಗೆ ಮಾತ್ರ ಜಾಸ್ತಿ ದರ. ಕೆಳಗಿನವುಗಳ ದರ ಬದಲಾಗುವುದಿಲ್ಲ. ತುಂಬಾ ಜನ ಎಡವುವುದು ಇಲ್ಲೇ.

ಗೃಹಜ್ಯೋತಿ ಮಾತ್ರ ಬೇರೆ. ಅಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ 201ಕ್ಕೆ ಡಬ್ಬಗಳ ಇಡೀ ಸಾಲೇ ಕೆಳಗಿನಿಂದ ಮೇಲಿನವರೆಗೆ ಕೆಂಪಾಗಲಿ.

ಯೂನಿಟ್‌ಗೆ ಗೀಸರ್ ಒಳ್ಳೆಯ ಉದಾಹರಣೆ. 2000 ವ್ಯಾಟ್ ಗೀಸರ್ ಅರ್ಧ ಗಂಟೆ ನೀರು ಕಾಯಿಸಿದರೆ 1 ಯೂನಿಟ್. ದಿನಾ ಕಾಲು ಗಂಟೆ ಕಮ್ಮಿ ಮಾಡಿದರೆ ತಿಂಗಳಿಗೆ 15 ಯೂನಿಟ್ ಉಳಿಯುತ್ತದೆ. 210 ಬರುತ್ತಿದ್ದ ಮನೆ 195ಕ್ಕೆ ಇಳಿಯುವುದನ್ನು ನಿಧಾನವಾಗಿ ತೋರಿಸಿ.