‘ಬೀಡಿ ಇಲ್ದೆ ತಲೆ ಓಡಲ್ಲ’

ಪ್ರಶ್ನೆ: ನಮ್ಮಪ್ಪನಿಗೆ 66 ವರ್ಷ. ಇಪ್ಪತ್ತನೇ ವಯಸ್ಸಿನಿಂದ ದಿನಕ್ಕೊಂದು ಕಟ್ಟು ಬೀಡಿ. ಬಿ.ಪಿ. ಇದೆ, ಮಾತ್ರೆ ಕೆಲವು ದಿನ ಮರೀತಾರೆ. ಒಂದೂವರೆ ವರ್ಷದಿಂದ ಡೈರಿ ಹಾಲಿನ ಲೆಕ್ಕ ತಪ್ಪುತ್ತಿದೆ, ಕೇಳಿದ್ದಕ್ಕೆ ಉತ್ತರ ತಡವಾಗಿ ಬರುತ್ತೆ, ಹೆಜ್ಜೆ ಚಿಕ್ಕದಾಗಿದೆ. ಹಳೇದೆಲ್ಲ ಚೆನ್ನಾಗಿ ನೆನಪಿದೆ. ಹೋದ ತಿಂಗಳು ಬೀಡಿ ಬಿಡಿಸಿದ್ವಿ. ನಾಲ್ಕೇ ದಿನಕ್ಕೆ ಇನ್ನೂ ಮಂಕಾದರು. ‘ಬೀಡಿ ಇಲ್ದೆ ತಲೆ ಓಡಲ್ಲ ಕಣ್ಲಾ’ ಅಂತ ಮತ್ತೆ ಶುರು ಮಾಡಿದರು. ಈಗ ಐದಕ್ಕೆ ಇಳಿಸಿದ್ದಾರೆ. ಅಷ್ಟು ಸಾಕಲ್ವಾ? ಈ ವಯಸ್ಸಲ್ಲಿ ಪೂರ್ತಿ ಬಿಟ್ಟು ಏನು ಪ್ರಯೋಜನ?
— ಓದುಗರು, ಮಳವಳ್ಳಿ ತಾಲ್ಲೂಕು

ಉತ್ತರ: ಮೊದಲು ಆ ನಾಲ್ಕು ದಿನದ ವಿಷಯ. ನೀವು ಕಂಡದ್ದು ನಿಜ, ಅದಕ್ಕೆ ಕೊಟ್ಟುಕೊಂಡ ಅರ್ಥ ಮಾತ್ರ ತಪ್ಪು. ನಲವತ್ತೈದು ವರ್ಷ ನಿಕೋಟಿನ್ ಕಂಡ ಮಿದುಳು ಅದಿಲ್ಲದೆ ಗಮನ ಹಿಡಿಯುವುದನ್ನೇ ಮರೆತಿರುತ್ತದೆ. ಕೊನೆಯ ಬೀಡಿ ಆರಿದ ಕೆಲವೇ ಗಂಟೆಗಳಲ್ಲಿ ಚಡಪಡಿಕೆ ಶುರುವಾಗುತ್ತದೆ. ಎರಡು–ಮೂರನೇ ದಿನ ಅದು ಜೋರಾಗಿರುತ್ತದೆ: ಸಿಟ್ಟು, ನಿದ್ದೆಗೇಡು, ಎದುರಿಗಿರುವವರ ಮಾತು ತಲೆಗೆ ಹೋಗದಿರುವುದು. ಮೂರು–ನಾಲ್ಕು ವಾರದಲ್ಲಿ ಬಹುಪಾಲು ಇಳಿದುಹೋಗುತ್ತದೆ. ನಾಲ್ಕನೇ ದಿನ ಒಂದು ಬೀಡಿ ಹಚ್ಚಿದಾಗ ‘ತಲೆ ಓಡಿತು’ ಅನ್ನಿಸಿದ್ದು ಬೀಡಿಯೇ ತಂದಿಟ್ಟ ಕೊರತೆಯನ್ನು ಬೀಡಿಯೇ ತುಂಬಿದ್ದರಿಂದ. ಅಂದರೆ ನೀವು ಸೋತದ್ದು ಅತಿ ಕಷ್ಟದ ಘಟ್ಟದಲ್ಲಿ, ಅದೂ ಯಾವ ಔಷಧಿಯ ಆಸರೆಯೂ ಇಲ್ಲದೆ.

‘ನಿಕೋಟಿನ್ ನೆನಪಿಗೆ ಒಳ್ಳೆಯದಂತೆ’ ಎಂಬ ಮಾತೂ ಊರಲ್ಲಿ ಓಡಾಡುತ್ತಿರುತ್ತದೆ. ಅದು ಪೂರ್ತಿ ಗಾಳಿಮಾತಲ್ಲ. ಧೂಮಪಾನಿಗಳಲ್ಲಿ ಅಲ್ಜೈಮರ್ ಕಡಿಮೆ ಎಂದು ತೋರಿಸಿದ ಅಧ್ಯಯನಗಳು ಒಂದು ಕಾಲದಲ್ಲಿ ಬಂದಿದ್ದವು. ಅವುಗಳಲ್ಲಿ ಕೆಲವಕ್ಕೆ ತಂಬಾಕು ಉದ್ಯಮದ ನಂಟಿತ್ತು. ಅದಕ್ಕಿಂತ ದೊಡ್ಡ ದೋಷ ಲೆಕ್ಕದಲ್ಲೇ ಇತ್ತು: ಹೆಚ್ಚು ಸೇದುವವರು ಹೃದಯಾಘಾತ, ಕ್ಯಾನ್ಸರ್‌ನಿಂದ ಮರೆವಿನ ವಯಸ್ಸು ಮುಟ್ಟುವ ಮೊದಲೇ ತೀರಿಕೊಂಡಿದ್ದರು. ಉಳಿದ ಗಟ್ಟಿಗರನ್ನಷ್ಟೇ ಎಣಿಸಿದರೆ ಬೀಡಿ ಔಷಧಿಯಂತೆಯೇ ಕಾಣುತ್ತದೆ. ಮಧ್ಯವಯಸ್ಸಿನಿಂದಲೇ ಜನರನ್ನು ಹಿಂಬಾಲಿಸಿದ ಅಧ್ಯಯನಗಳು ಬಂದಮೇಲೆ ಚಿತ್ರ ತಲೆಕೆಳಗಾಯಿತು. ಲಂಡನ್ನಿನ ಸರ್ಕಾರಿ ನೌಕರರ ಮೇಲೆ ನಡೆದ ‘ವೈಟ್‌ಹಾಲ್’ ಅಧ್ಯಯನದ 2012ರ ವರದಿಯಲ್ಲಿ, ಸೇದುವ ಗಂಡಸರ ಬುದ್ಧಿಶಕ್ತಿಯ ಇಳಿತ ಸೇದದವರಿಗಿಂತ ಸುಮಾರು ಹತ್ತು ವರ್ಷ ಮುಂದಿತ್ತು. 50ರ ಧೂಮಪಾನಿ 60ರವನಂತೆ ಇಳಿಯುತ್ತಿದ್ದ.

ಇನ್ನು, ಲೆಕ್ಕ ಮತ್ತು ನಡಿಗೆ ಕೆಟ್ಟು ಹಳೆಯ ನೆನಪು ಉಳಿದದ್ದೇಕೆ? ನಿಮ್ಮ ಪತ್ರದಲ್ಲಿ ನಮ್ಮ ಗಮನ ನಿಂತದ್ದು ಇಲ್ಲಿಯೇ. ಮಿದುಳಿನ ಆಳದಲ್ಲಿ, ಬಿಳಿ ಭಾಗ ಎನ್ನುವಲ್ಲಿ, ಒಂದು ಕೇಂದ್ರದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ನರತಂತುಗಳಿವೆ. ಅವುಗಳಿಗೆ ರಕ್ತ ಕೊಡುವುದು ಅತಿ ಸಣ್ಣ ರಕ್ತನಾಳಗಳು. ದೊಡ್ಡ ನಾಳಗಳಿಂದ ಕವಲೊಡೆದು ಆಳಕ್ಕಿಳಿದು ಅಲ್ಲೇ ಮುಗಿಯುತ್ತವೆ. ಪಕ್ಕದ ನಾಳದ ಜೊತೆ ಕೂಡಿಕೊಳ್ಳುವುದು ತೀರಾ ಕಡಿಮೆ. ವಿ.ಸಿ. ನಾಲೆಯ ಕೊನೇ ಭಾಗದ ಜಮೀನಿನ ಪಾಡೇ ಅದರದ್ದು: ಮೇಲೆ ಎಲ್ಲಿ ಹರಿವು ತಗ್ಗಿದರೂ ಮೊದಲು ಒಣಗುವುದು ಅದೇ.

ಹೊಗೆ ಇಲ್ಲಿ ಹಲವು ಕಡೆಯಿಂದ ಹೊಡೆಯುತ್ತದೆ. ರಕ್ತನಾಳ ಬೇಕಾದಾಗ ಹಿಗ್ಗಲು ಅದರ ಒಳಪದರ ಬಿಡುವ ನೈಟ್ರಿಕ್ ಆಕ್ಸೈಡ್ ಬೇಕು, ಹೊಗೆ ಅದನ್ನು ಕಡಿಮೆ ಮಾಡುತ್ತದೆ. ಪ್ಲೇಟ್‌ಲೆಟ್‌ಗಳು ಅಂಟಂಟಾಗಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ ಅನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ, ಹರಿದ ರಕ್ತದಲ್ಲೂ ಆಮ್ಲಜನಕ ಕಮ್ಮಿ. ಇದರ ಮೇಲೆ ಹತೋಟಿ ತಪ್ಪಿದ ಬಿ.ಪಿ. ಸೇರಿದರೆ ನಾಳದ ಗೋಡೆ ದಪ್ಪಗಾಗಿ ಬಿಗಿಯುತ್ತದೆ. ಬೀಡಿಯನ್ನು ಸಿಗರೇಟಿಗಿಂತ ಹಗುರ ಎಂದುಕೊಳ್ಳುವುದೂ ತಪ್ಪು. ತಂಬಾಕು ಕಡಿಮೆ ಇದ್ದರೂ ತೂಬ್ರೆ ಎಲೆಯಲ್ಲಿ ಗಾಳಿ ಆಡುವುದಿಲ್ಲ. ಆರದಿರಲಿ ಎಂದು ಪದೇಪದೇ ಜೋರಾಗಿ ಎಳೆಯಬೇಕು. ಹೀಗಾಗಿ ಕಾರ್ಬನ್ ಮೊನಾಕ್ಸೈಡ್, ಟಾರ್ ಎರಡೂ ಹೆಚ್ಚೇ ಒಳಗೆ ಹೋಗುತ್ತವೆ.

ಈ ನಾಳಗಳು ಒಂದೊಂದಾಗಿ ಮುಚ್ಚಿದಾಗ ಹೆಚ್ಚಿನ ಸಲ ಬಾಯಿ ಸೊಟ್ಟಗಾಗುವುದಿಲ್ಲ, ಕೈ ಬೀಳುವುದಿಲ್ಲ. ಒಳಗೆ ಕೆಲವೇ ಮಿಲಿಮೀಟರಿನ ಗುಳಿ ಉಳಿಯುತ್ತದೆ, ಅಷ್ಟೇ. ನೆನಪಿನ ಉಗ್ರಾಣ ಹಾಗೇ ಇರುತ್ತದೆ, ಅಲ್ಲಿಂದ ತರುವ ದಾರಿ ನಿಧಾನವಾಗುತ್ತದೆ. ಹಾಲಿನ ಲೆಕ್ಕವನ್ನೇ ನೋಡಿ: ಬೆಳಿಗ್ಗೆಯ ಲೀಟರು, ಸಂಜೆಯ ಲೀಟರು, ಫ್ಯಾಟಿನ ಮೇಲಿನ ದರ, ಮುರಿದುಕೊಂಡ ಹಿಂಡಿ ದುಡ್ಡು, ಇವನ್ನೆಲ್ಲ ಒಟ್ಟಿಗೆ ತಲೆಯಲ್ಲಿ ಹಿಡಿದು ಸಾಲಾಗಿ ನಡೆಸಬೇಕು. ಮೊದಲು ಸೋಲುವುದು ಈ ಬಗೆಯ ಕೆಲಸ. ಹೆಜ್ಜೆ ಚಿಕ್ಕದಾಗುವುದು, ಮೂತ್ರಕ್ಕೆ ಅವಸರ, ಯಾವುದರಲ್ಲೂ ಆಸಕ್ತಿ ಇಲ್ಲದೆ ಜಗಲಿಯಲ್ಲಿ ಕೂತುಬಿಡುವುದು ಇದರ ಜೊತೆಗೇ ಬರುತ್ತವೆ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಐದು ಪದ ಹೇಳಿ: ಕುಡುಗೋಲು, ಹಲಸು, ಕೆಂಪು, ದೇವಸ್ಥಾನ, ಕಂಬಳಿ. ಎರಡು ಸಲ ಅವರಿಂದ ಹೇಳಿಸಿ. ಐದು ನಿಮಿಷ ಬೇರೆ ಮಾತಾಡಿ, ಆಮೇಲೆ ಕೇಳಿ. ಬಾರದ ಪದಕ್ಕೆ ಸುಳಿವು ಕೊಡಿ: ‘ಒಂದು ಹಣ್ಣು ಹೇಳಿದ್ದೆ.’ ಸುಳಿವು ಕೊಟ್ಟೊಡನೆ ‘ಹಲಸು’ ಅಂದರೆ ಪದ ಒಳಗೆ ದಾಖಲಾಗಿತ್ತು, ಹೊರಗೆ ತರಲು ತಡವಾಯಿತು ಎಂದರ್ಥ; ರಕ್ತನಾಳದ ತೊಂದರೆಯಲ್ಲಿ ಹೀಗೆ ಹೆಚ್ಚು. ಸುಳಿವು ಕೊಟ್ಟರೂ ಬಾರದೆ, ‘ಪದ ಯಾವಾಗ ಹೇಳಿದೆ ನೀನು?’ ಎಂದೇ ಕೇಳಿದರೆ ಅಲ್ಜೈಮರ್ ಕಡೆಗೆ ಅನುಮಾನ ಹೋಗುತ್ತದೆ. ಇದರಿಂದ ರೋಗ ತೀರ್ಮಾನವಾಗುವುದಿಲ್ಲ. ವಯಸ್ಸಾದವರಲ್ಲಿ ಎರಡೂ ಬೆರೆತಿರುವುದು ಮಾಮೂಲು, ಧೂಮಪಾನ ಎರಡರ ಅಪಾಯವನ್ನೂ ಏರಿಸುತ್ತದೆ. ಆದರೆ ವೈದ್ಯರಿಗೆ ಹೇಳಲು ನಿಮ್ಮ ಕೈಯಲ್ಲಿ ಒಂದು ಗುರುತು ಇರುತ್ತದೆ.

ಐದು ಬೀಡಿ ಸಾಕೇ ಎಂದಿರಿ. ಸಾಲದು. ಶ್ವಾಸಕೋಶದ ಕ್ಯಾನ್ಸರ್ ಬಹುಮಟ್ಟಿಗೆ ಸೇದಿದ್ದಕ್ಕೆ ತಕ್ಕಂತೆ ಏರಿಳಿಯುತ್ತದೆ, ರಕ್ತನಾಳ ಹಾಗಲ್ಲ. ಪ್ಲೇಟ್‌ಲೆಟ್‌ಗಳನ್ನು ಕೆರಳಿಸಲು ಸ್ವಲ್ಪ ಹೊಗೆಯೇ ಸಾಕು. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಇಪ್ಪತ್ತು ಸಿಗರೇಟು ಸೇದುವವರಿಗೆ ಪಾರ್ಶ್ವವಾಯು, ಹೃದಯಾಘಾತದ ಅಪಾಯ ಎಷ್ಟು ಹೆಚ್ಚುತ್ತದೋ ಅದರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಒಂದೇ ಸಿಗರೇಟಿಗೂ ಬರುತ್ತದೆ. ಕೊರಿಯಾದಲ್ಲಿ ಮರೆವಿನ ಕಾಯಿಲೆಯನ್ನೇ ಇಟ್ಟುಕೊಂಡು ನೋಡಿದಾಗಲೂ, ಪೂರ್ತಿ ಬಿಟ್ಟವರಲ್ಲಿ ಅಪಾಯ ಇಳಿಯಿತು, ಕಡಿಮೆ ಮಾಡಿದವರಲ್ಲಿ ಇಳಿಯಲಿಲ್ಲ. ಐದಕ್ಕೆ ಇಳಿಸಿದವರು ಆ ಐದನ್ನು ಬೆರಳು ಸುಡುವವರೆಗೂ ಎಳೆಯುತ್ತಾರೆ ಎಂಬುದನ್ನು ನೀವೇ ನೋಡಿರುತ್ತೀರಿ.

ಬಿಟ್ಟರೆ ಸಿಗುವುದೇನು? ಆಗಲೇ ಬಿದ್ದ ಗುಳಿ ತುಂಬುವುದಿಲ್ಲ. ಹಳೆಯ ಚುರುಕು ಪೂರ್ತಿ ವಾಪಸು ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಬದಲಾಗುವುದು ಇಳಿಜಾರು. ಕಾರ್ಬನ್ ಮೊನಾಕ್ಸೈಡ್ ಒಂದೆರಡು ದಿನದಲ್ಲೇ ರಕ್ತದಿಂದ ಹೋಗುತ್ತದೆ. ಪಾರ್ಶ್ವವಾಯುವಿನ ಅಪಾಯ ಮುಂದಿನ ಕೆಲವೇ ವರ್ಷಗಳಲ್ಲಿ ಗಣನೀಯವಾಗಿ ತಗ್ಗುತ್ತದೆ. ವೈಟ್‌ಹಾಲ್ ಅಧ್ಯಯನದಲ್ಲಿ ಬಿಟ್ಟು ಹತ್ತು ವರ್ಷ ದಾಟಿದವರ ಇಳಿತ ಎಂದೂ ಸೇದದವರಂತೆಯೇ ಇತ್ತು. ಈಚೆಗಷ್ಟೇ ಬಿಟ್ಟವರಲ್ಲಿ ಅಷ್ಟು ಲಾಭ ಕಾಣಲಿಲ್ಲ. ಮರೆವು ಈಗಾಗಲೇ ಶುರುವಾದ ನಿಮ್ಮ ತಂದೆಯವರಿಗೆ ಇದೇ ಲೆಕ್ಕ ಹೂಬಾಹೂಬು ಹೊಂದುತ್ತದೆ ಎನ್ನಲಾಗದು. ಆದರೂ ಇನ್ನೊಂದು ನಾಳ ಮುಚ್ಚದಂತೆ ಕಾಯುವುದು ಅವರಿಗೆ ಇನ್ನಷ್ಟು ಮುಖ್ಯ, ಉಳಿದಿರುವುದು ಕಡಿಮೆಯಾದ್ದರಿಂದ.

ಎರಡನೇ ಸಲ ಬಿಡಿಸುವಾಗ ಬರಿಗೈಯಲ್ಲಿ ಹೋಗಬೇಡಿ. ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂಗಳಲ್ಲಿ ಬರುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಿಗೆ ಸಾಮಾನ್ಯವಾಗಿ 4 ಬೇಕಾಗುತ್ತದೆ, ಬಿ.ಪಿ. ಇರುವುದರಿಂದ ಪ್ರಮಾಣವನ್ನು ವೈದ್ಯರೇ ಹೇಳಲಿ. ಇದನ್ನು ಎಲೆ‑ಅಡಿಕೆಯಂತೆ ಜಗಿಯಬಾರದು, ಮಂಡ್ಯ ಸೀಮೆಯವರು ಹೆಚ್ಚಾಗಿ ಎಡವುವುದೇ ಇಲ್ಲಿ. ನಿಧಾನವಾಗಿ ಜಗಿದು, ಬಾಯಿ ಚುರುಗುಟ್ಟಿದೊಡನೆ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಟ್ಟುಕೊಳ್ಳಬೇಕು. ಚುರುಕು ಹೋದಮೇಲೆ ಮತ್ತೆ ಒಂದೆರಡು ಸಲ ಜಗಿಯುವುದು. ಹೀಗೆ ಅರ್ಧ ಗಂಟೆ. ಸತತವಾಗಿ ಜಗಿದು ರಸ ನುಂಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ, ತಲುಬು ಮಾತ್ರ ಹಾಗೇ ಇರುತ್ತದೆ. ಕಾಫಿ ಕುಡಿದು ಕಾಲು ಗಂಟೆ ಆಗುವವರೆಗೂ ಗಮ್ ಬೇಡ, ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಹೀರುವುದಿಲ್ಲ. ಹಲ್ಲುಸೆಟ್ಟು ಇದ್ದರೆ ಗಮ್ ಅಂಟಿಕೊಳ್ಳುತ್ತದೆ, ಆಗ ಚರ್ಮಕ್ಕೆ ಅಂಟಿಸುವ ಪ್ಯಾಚ್ ಕೇಳಿ. ಬೀಡಿ ಬಿಟ್ಟು ಕಡ್ಡಿಪುಡಿಗೆ ಹೋದರೆ ಅದು ಬಿಟ್ಟಂತಲ್ಲ.

ಕಾಫಿಯದ್ದೇ ಇನ್ನೊಂದು ಸಂಗತಿ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಹೊಗೆಯಲ್ಲಿರುವ ಟಾರ್ ಪದಾರ್ಥಗಳು ಕೆಫೀನನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಚುರುಕಾಗಿಟ್ಟಿರುತ್ತವೆ. ಬೀಡಿ ನಿಂತಮೇಲೆ ಅದೇ ಎರಡು ಲೋಟ ಕಾಫಿ ರಕ್ತದಲ್ಲಿ ಬಹಳ ಹೊತ್ತು ಉಳಿದು ಎದೆಬಡಿತ, ನಡುಕ, ನಿದ್ದೆಗೇಡು ತರುತ್ತದೆ. ಮನೆಯವರು ಅದನ್ನೂ ಬೀಡಿ ಬಿಟ್ಟ ತೊಂದರೆ ಅಂದುಕೊಳ್ಳುತ್ತಾರೆ. ಮೊದಲ ವಾರದಿಂದಲೇ ಕಾಫಿಯನ್ನು ಅರ್ಧಕ್ಕಿಳಿಸಿ. ಉಬ್ಬಸಕ್ಕೆ ಥಿಯೋಫಿಲಿನ್ ಮಾತ್ರೆ ಅಥವಾ ಕೆಲವು ಮಾನಸಿಕ ಔಷಧಿ ತಗೊಳ್ಳುವವರು ವೈದ್ಯರಿಗೆ ಮೊದಲೇ ತಿಳಿಸಬೇಕು, ಅವುಗಳ ಮಟ್ಟವೂ ಹೀಗೇ ಏರುತ್ತದೆ.

ಮರೆವಿರುವವರಿಗೆ ತಾವು ಬೀಡಿ ಬಿಟ್ಟಿದ್ದೇ ಮರೆತುಹೋಗುತ್ತದೆ. ಕೈ ತಾನಾಗಿ ಅಂಗಿಜೇಬಿಗೆ ಹೋಗುತ್ತದೆ. ಅದಕ್ಕೆ ಜೇಬು, ತಲೆದಿಂಬಿನ ಅಡಿ, ಕೊಟ್ಟಿಗೆಯ ಗೂಡು ಎಲ್ಲ ಕಡೆಯಿಂದ ಬೀಡಿ, ಬೆಂಕಿಪೊಟ್ಟಣ ತೆಗೆದುಬಿಡಿ. ಜೇಬಿನಲ್ಲಿ ಗಮ್ ಇರಲಿ. ಊರಿನ ಅಂಗಡಿಯವರಿಗೂ ಒಂದು ಮಾತು ಹೇಳಿ. ಪೂರ್ತಿ ಬಿಡುವವರೆಗೂ, ಉರಿಯುವ ಬೀಡಿಯನ್ನು ಮರೆತು ಹುಲ್ಲಿನ ಮೆದೆ ಹತ್ತಿರ ಇಡದಂತೆ ಒಬ್ಬರು ಕಣ್ಣಿಟ್ಟಿರಿ. ಸಲಹೆಗೆ 1800-11-2356ಕ್ಕೆ ಕರೆ ಮಾಡಿ. ಇದು ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ಉಚಿತ.

ವೈದ್ಯರನ್ನು ಮಾತ್ರ ಈ ತಿಂಗಳೇ ನೋಡಿ, ಬೀಡಿ ಬಿಡುವವರೆಗೂ ಕಾಯಬೇಡಿ. ಮಂಡ್ಯದ ಮಿಮ್ಸ್ ಆದೀತು, ಮೈಸೂರಿನ ಕೆ.ಆರ್. ಆಸ್ಪತ್ರೆಯಾದೀತು. ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಜೊತೆಗೆ ಬಿ12 ಮತ್ತು ಥೈರಾಯ್ಡ್ ನೋಡಿಸಿ. ಈ ಎರಡರ ಕೊರತೆಯೂ ಮಂಕು ತರುತ್ತದೆ, ಮಾತ್ರೆಯಿಂದ ಸುಧಾರಿಸುತ್ತದೆ. ಎದೆಬಡಿತದ ಲಯ ತಪ್ಪಿದೆಯೇ ಎಂದು ಇ.ಸಿ.ಜಿ. ಬೇಕು. ಮಿದುಳಿನ ಎಂ.ಆರ್.ಐ. ವರದಿಯಲ್ಲಿ ‘ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್’, ಅಂದರೆ ಸಣ್ಣ ನಾಳಗಳಲ್ಲಿ ರಕ್ತ ಸಾಲದೆ ಆದ ಬದಲಾವಣೆ, ಎಂದಿದ್ದರೆ ‘ವಯಸ್ಸಾದವರಿಗೆಲ್ಲ ಇರುತ್ತೆ’ ಎಂಬ ಉತ್ತರಕ್ಕೆ ಎದ್ದು ಬರಬೇಡಿ. ಎಷ್ಟಿದೆ ಎಂದು ಕೇಳಿ. ‘ಫಜೆಕಾಸ್’ ಎಂಬ ಅಳತೆಯಲ್ಲಿ ಸೊನ್ನೆಯಿಂದ ಮೂರರವರೆಗೆ ಗುರುತಿಸುತ್ತಾರೆ. ಎರಡು, ಮೂರು ಎಂದಿದ್ದರೆ ಲೆಕ್ಕ ತಪ್ಪುವುದಕ್ಕೂ ಹೆಜ್ಜೆ ಚಿಕ್ಕದಾಗಿರುವುದಕ್ಕೂ ಅದೇ ಕಾರಣವಿರುವ ಸಾಧ್ಯತೆ ಹೆಚ್ಚು. ಹೋಗುವಾಗ ಒಂದು ವಾರದ ಬಿ.ಪಿ. ರೀಡಿಂಗು, ಈಗಿನ ಮಾತ್ರೆಗಳ ಖಾಲಿ ಸ್ಟ್ರಿಪ್, ಲೆಕ್ಕ ತಪ್ಪಿದ ಡೈರಿ ಪುಸ್ತಕ ಮೂರನ್ನೂ ಜೊತೆಗೊಯ್ಯಿರಿ.

— ಸಂ.