ನೋಟಿಸ್ ಕಳಿಸುವ ಮೊದಲು ಸಾಂಬಾರ್ ರುಚಿ ನೋಡಿ

ಪ್ರಶ್ನೆ: ಪುಣೆಯಲ್ಲಿ ನಮ್ಮದೊಂದು ಉಡುಪಿ ಹೋಟೆಲ್ ಇದೆ. ಒಂದು ಮೀಮ್ ಪೇಜ್‌ನವರು ನಮ್ಮ ಬೋರ್ಡಿನ ಫೋಟೋ ಹಾಕಿ, ಸಾಂಬಾರ್ ನೀರು ನೀರು ಅಂತ ಗೇಲಿ ಮಾಡಿದ್ದಾರೆ. ಸುಮ್ಮನಿರಬೇಕಾ, ನಾವೂ ತಮಾಷೆ ಮಾಡಬೇಕಾ, ಲಾಯರ್ ನೋಟಿಸ್ ಕಳಿಸಬೇಕಾ?

ನೋಟಿಸ್ ಬೇಡ. ಇವತ್ತು ಗಲ್ಲಾದಲ್ಲಿ ಕೂರುವವರನ್ನು ಮತ್ತು ಬಡಿಸುವ ಹುಡುಗರನ್ನು ಒಂದು ಮಾತು ಕೇಳಿ: ಗಿರಾಕಿಗಳು ಯಾರಾದರೂ ಆ ಮೀಮ್ ವಿಷಯ ಎತ್ತಿದ್ರಾ? ಯಾರೂ ಎತ್ತಿಲ್ಲ ಅಂದರೆ ಅದು ಆ ಪೇಜಿನಲ್ಲೇ ಹುಟ್ಟಿ ಅಲ್ಲೇ ಮುಗಿಯುವ ತಮಾಷೆ. ನೀವು ಉತ್ತರ ಕೊಟ್ಟರೆ, ಅದನ್ನು ನೋಡದೇ ಇದ್ದ ನಿಮ್ಮ ಗಿರಾಕಿಗಳಿಗೆ ನೀವೇ ತೋರಿಸಿದ ಹಾಗಾಗುತ್ತದೆ.

ನಾನು ಮುಂಬೈನ ಮಾಟುಂಗಾದಲ್ಲಿದ್ದೇನೆ. ನಮ್ಮ ಕಡೆಯವರ ಕೆಲವು ಹೋಟೆಲ್‌ಗಳ ಇನ್‌ಸ್ಟಾಗ್ರಾಂ ಪೇಜ್ ನೋಡಿಕೊಳ್ಳುತ್ತೇನೆ. ಅದರಲ್ಲಿ ಒಂದು ಹೋಟೆಲಿಗೆ ಒಂದೇ ವರ್ಷದಲ್ಲಿ ಮೂರು ಥರದ ಮೀಮ್ ಬಂತು. ಮೂರಕ್ಕೂ ಬೇರೆ ಬೇರೆ ದಾರಿ ಹಿಡಿದೆವು.

ಮೊದಲನೆಯದು ಚಟ್ನಿ. ಬಟ್ಟಲಿನ ಪಕ್ಕ ಐದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದು, ‘ಚಟ್ನಿ ಬೇಕಾದ್ರೆ ಇಎಂಐ ಕಟ್ಟಿ’ ಅಂತ ಬರೆದಿದ್ದರು. ಯಜಮಾನರಿಗೆ ಕೋಪ ಬಂತು. ನಾನು ಹೋಗಿ ಕೂತು ಒಂದು ಸೆಟ್ ದೋಸೆ ತರಿಸಿದೆ. ಹೊಸದಾಗಿ ತಂದ ಬಟ್ಟಲಲ್ಲಿ ಮೂರು ಚಮಚ ಚಟ್ನಿಯೂ ಹಿಡಿಯುತ್ತಿರಲಿಲ್ಲ. ಮೀಮ್ ಮಾಡಿದವರು ಹೇಳಿದ್ದು ನಿಜ. ಯಜಮಾನರಿಗೆ ಅದನ್ನೇ ತೋರಿಸಿದೆ. ಮರುದಿನ ಹಳೇ ದೊಡ್ಡ ಬಟ್ಟಲು ವಾಪಸ್ ಬಂತು. ಆಮೇಲಷ್ಟೇ ನಾವು ಅದರ ಪಕ್ಕ ಅದೇ ಥರ ನಾಣ್ಯ ಇಟ್ಟು ಫೋಟೋ ಹಾಕಿ, ‘ನಾಣ್ಯ ಅದೇ, ಬಟ್ಟಲು ದೊಡ್ಡದು’ ಅಂತ ಒಂದೇ ಸಾಲು ಬರೆದೆವು. ಮೀಮ್ ಮಾಡಿದವರೇ ಅದನ್ನು ಹಂಚಿಕೊಂಡರು. ಬಟ್ಟಲು ಬದಲಿಸದೆ ಬರೀ ತಮಾಷೆ ಮಾಡಿದ್ದರೆ, ಮಾರನೇ ದಿನ ಯಾರೋ ಇನ್ನೊಂದು ಫೋಟೋ ತೆಗೆದು ನಮ್ಮ ಪೋಸ್ಟಿನ ಕೆಳಗೇ ಹಾಕುತ್ತಿದ್ದರು.

ಎರಡನೆಯದು, ಬಡಿಸುವ ಒಬ್ಬರ ಸಿಡುಕು ಮುಖ. ‘ಎರಡನೇ ಸಲ ಸಾಂಬಾರ್ ಕೇಳಿದಾಗ’ ಅಂತ ಬರೆದಿದ್ದರು. ತುಂಬಾ ಓಡಿತು. ನಾವೂ ಸೇರೋಣ ಅಂತ ಯಜಮಾನರಿಗೆ ಆಸೆ. ನಾನು ಬೇಡವೇ ಬೇಡ ಅಂದೆ. ನಗು ಅಂಗಡಿಯ ಮೇಲಿದ್ದರೆ ಅಂಗಡಿ ಸೇರಬಹುದು. ಸಂಬಳಕ್ಕೆ ದುಡಿಯುವ ಮನುಷ್ಯನ ಮೇಲಿದ್ದರೆ, ಅವರ ಯಜಮಾನರೇ ಸೇರಿಕೊಳ್ಳುವುದು ಅನ್ಯಾಯ ಅಲ್ವಾ? ಪೇಜ್‌ನವರಿಗೆ ಖಾಸಗಿಯಾಗಿ ಮೆಸೇಜ್ ಮಾಡಿ ಮುಖ ಮಸುಕು ಮಾಡಿ ಅಂತ ಕೇಳಿಕೊಂಡೆವು. ಮಾಡಿದರು. ನಮ್ಮ ಪೇಜಿನಲ್ಲಿ ಒಂದಕ್ಷರ ಬರೆಯಲಿಲ್ಲ.

ಮೂರನೆಯದು ತಮಾಷೆಯ ಹಾಗೆ ಶುರುವಾಯಿತು, ಆದರೆ ತಮಾಷೆ ಆಗಿರಲಿಲ್ಲ. ಹೋಟೆಲಿನದೇ ಹೆಸರು, ಅದೇ ಲೋಗೋ ಹಾಕಿ ಯಾರೋ ಒಂದು ಖಾತೆ ತೆರೆದಿದ್ದರು. ಮೊದಲು ಒಂದೆರಡು ಮೀಮ್ ಹಾಕಿ, ಆಮೇಲೆ ಫ್ರಾಂಚೈಸಿ ಕೊಡುತ್ತೇವೆ, ಬುಕಿಂಗ್‌ಗೆ ಮುಂಗಡ ಕಳಿಸಿ ಅಂತ ಶುರುಮಾಡಿದರು. ನಿಜವಾದ ಪ್ಯಾರಡಿ ಖಾತೆ ತಾನು ಪ್ಯಾರಡಿ ಅಂತ ಹೆಸರಲ್ಲೋ ಪರಿಚಯದಲ್ಲೋ ಹೇಳಿಕೊಳ್ಳುತ್ತದೆ, ದುಡ್ಡು ಕೇಳುವುದಿಲ್ಲ. ಇಲ್ಲಿ ತಡಮಾಡಬಾರದು. ಮೊದಲು ಲಿಂಕ್ ಸಮೇತ ಸ್ಕ್ರೀನ್‌ಶಾಟ್ ತೆಗೆದಿಟ್ಟೆವು. ರಿಪೋರ್ಟ್ ಆಗಿ ಖಾತೆ ಮಾಯವಾದರೆ ಸಾಕ್ಷಿಯೂ ಹೋಗುತ್ತದೆ, ಅದಕ್ಕೇ. ಆಮೇಲೆ ನಕಲಿ ಖಾತೆ ಅಂತ ರಿಪೋರ್ಟ್ ಮಾಡಿದೆವು. ‘ನಾವು ಯಾರಿಗೂ ಫ್ರಾಂಚೈಸಿ ಕೊಡುತ್ತಿಲ್ಲ, ಹಣ ಕಳಿಸಬೇಡಿ’ ಅಂತ ಪೇಜಿನ ಮೇಲ್ತುದಿಯಲ್ಲಿ ಪಿನ್ ಮಾಡಿ, ಗಲ್ಲಾದ ಹತ್ತಿರವೂ ಅಂಟಿಸಿದೆವು. ಹಣ ಕಳಿಸಿದವರು ಸಿಕ್ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಲು ಹೇಳಬೇಕು.

ನೋಟಿಸ್ ಯಾಕೆ ಬೇಡ ಅಂದೆ ಅಂದರೆ, ದೊಡ್ಡ ಕಂಪನಿಗೂ ಅದು ಸುಲಭವಲ್ಲ. ಟಾಟಾದವರು ಪಾಲುದಾರರಾಗಿದ್ದ ಒಡಿಶಾದ ಧಾಮ್ರಾ ಬಂದರಿನಿಂದ ಆಮೆಗಳಿಗೆ ಅಪಾಯ ಅಂತ ಪರಿಸರ ಸಂಘಟನೆ ಗ್ರೀನ್‌ಪೀಸ್‌ನವರು ಟಾಟಾ ಲೋಗೋ ಬಳಸಿ ಒಂದು ಆನ್‌ಲೈನ್ ಆಟ ಮಾಡಿದ್ದರು. ಟಾಟಾದವರು ಹತ್ತು ಕೋಟಿ ರೂಪಾಯಿ ಪರಿಹಾರ ಕೇಳಿ ದಾವೆ ಹೂಡಿದರು. 2011ರಲ್ಲಿ ದೆಹಲಿ ಹೈಕೋರ್ಟ್ ಆ ಆಟಕ್ಕೆ ಮಧ್ಯಂತರ ತಡೆ ಕೊಡಲಿಲ್ಲ. ನಿಮ್ಮದು ಸಾಂಬಾರಿನ ಮೇಲಿನ ನಗು.

ತಮಾಷೆಗೆ ಸೇರುವುದಾದರೆ ಒಂದು ಎಚ್ಚರಿಕೆ. ನಟರ ಫೋಟೋ, ಡೈಲಾಗ್ ಇರುವ ಮೀಮ್ ಬಳಸಬೇಡಿ. ಹುಡುಗರು ಹಾಕಿದರೆ ಅದು ತಮಾಷೆ, ಅಂಗಡಿ ಹಾಕಿದರೆ ಜಾಹೀರಾತು. 2023ರಲ್ಲಿ ಅನಿಲ್ ಕಪೂರ್ ಅವರ ಹೆಸರು, ಮುಖ, ದನಿಯನ್ನು ಒಪ್ಪಿಗೆಯಿಲ್ಲದೆ ವ್ಯಾಪಾರಕ್ಕೆ ಬಳಸದಂತೆ ದೆಹಲಿ ಹೈಕೋರ್ಟ್ ಆದೇಶ ಕೊಟ್ಟಿದೆ. ನಿಮ್ಮದೇ ಅಡುಗೆಮನೆಯ ಫೋಟೋ ಸಾಕು.

ಈಗ ನಿಮ್ಮ ಮೀಮ್ ಕೆಳಗಿನ ಕಾಮೆಂಟ್‌ಗಳನ್ನು ಒಂದೊಂದಾಗಿ ಓದಿ. ‘ಹೌದು, ಮೊದಲಿನ ಹಾಗಿಲ್ಲ’ ಅಂತ ನಾಲ್ಕಾರು ಜನ ಬರೆದಿದ್ದರೆ ಭಟ್ಟರ ಹತ್ತಿರ ಮಾತಾಡಿ. ರಾತ್ರಿ ಒಂಬತ್ತರ ಹೊತ್ತಿಗೆ ಪಾತ್ರೆಯ ಸಾಂಬಾರ್ ನೀವೇ ರುಚಿ ನೋಡಿ. ರಶ್ ಜಾಸ್ತಿ ಆದಾಗಲೇ ನೀರು ಬೀಳುವುದು. ‘ತಿಂದು ಹೊಟ್ಟೆ ಕೆಟ್ಟಿತು’ ಅಂತ ಒಬ್ಬರೇ ಬರೆದಿದ್ದರೂ ಅದು ತಮಾಷೆಯ ಮಾತಲ್ಲ. ಅವರಿಗೆ ಅವತ್ತೇ, ಮರ್ಯಾದೆಯಿಂದ, ಯಾವ ದಿನ ಏನು ತಿಂದಿರಿ ಅಂತ ಕೇಳಿ ಉತ್ತರ ಬರೆಯಿರಿ.