ಸೂಚನಾ ಫಲಕದಲ್ಲಿ ‘ಕೊಳಕು’ ಎಂಬ ಪದಕ್ಕೆ ಬದಲಿ ಪದಗಳು ಯಾವುವು?

*ಪ್ರಶ್ನೆ: ನಾನು ಕಾಸರಗೋಡು ತಾಲೂಕಿನವನು. ನಮ್ಮ ಪೇಟೆಯ ಹೋಟೆಲುಗಳಲ್ಲೂ ಮೀನು ಮಾರುಕಟ್ಟೆಯಲ್ಲೂ ಹಾಕಲು ಒಂದು ಸ್ವಚ್ಛತಾ ಸೂಚನೆ ಬರೆಯಬೇಕಾಗಿದೆ. ಮಲಯಾಳ ಕರಡು ನೋಡಿಕೊಂಡು ಹೀಗೆ ಬರೆದಿದ್ದೇನೆ: “ವೃತ್ತಿಹೀನ ಪರಿಸರದಲ್ಲಿ ಆಹಾರ ತಯಾರಿಸಬಾರದು. ಕೊಳಕು ಪಾತ್ರೆ, ಕೊಳಕು ಮೇಜು, ಕೊಳಕು ನೀರು, ಕೊಳಕು ತರಕಾರಿ ಉಪಯೋಗಿಸಬಾರದು. ಚರಂಡಿಯಲ್ಲಿ ಮಾಲಿನ್ಯ ನಿಕ್ಷೇಪಿಸಬಾರದು.” ‘ಕೊಳಕು’ ನಾಲ್ಕು ಸಲ ಬಂದಿದ್ದು ಚೆನ್ನಾಗಿ ಕಾಣುತ್ತಿಲ್ಲ. ಅಶುದ್ಧ, ಮಲಿನ, ಹೊಲಸು, ಅನೈರ್ಮಲ್ಯ ಎಂದು ಬದಲಿಸಿ ಬರೆಯಬಹುದೇ?*

ನಾಲ್ಕು ಸಲ ಬಂದದ್ದು ತಪ್ಪಲ್ಲ. ನಾಲ್ಕು ಬೇರೆ ಬೇರೆ ವಿಷಯಗಳಿಗೆ ಒಂದೇ ಪದ ಬಂದದ್ದು ತಪ್ಪು. ಆ ನಾಲ್ಕು ಕಡೆಗಳಲ್ಲಿ ನಾಲ್ಕು ಸಮಾನಾರ್ಥಕ ಪದಗಳನ್ನು ಹಂಚಿ ಹಾಕಿದರೆ ಅಂದ ಹೆಚ್ಚಬಹುದು, ಆದರೆ ಹೋಟೆಲಿನವನಿಗೆ ಏನು ಮಾಡಬೇಕೆಂಬುದು ಆಗಲೂ ಗೊತ್ತಾಗುವುದಿಲ್ಲ. ಮಂಜೇಶ್ವರ ಕಡೆ ಹಲವು ವರ್ಷಗಳಿಂದ ಎರಡು ಭಾಷೆಗಳ ಫಲಕ, ಕರಪತ್ರಗಳಿಗೆ ಅಕ್ಷರ ಜೋಡಿಸುತ್ತಾ ಬಂದಿರುವ ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟೇ: ಆ ಕೊಳೆ ಯಾವುದರಿಂದ ಹೋಗುತ್ತದೆ ಎಂದು ಕೇಳಿಕೊಳ್ಳುವುದು. ಪದ ತಾನಾಗಿಯೇ ಸಿಗುತ್ತದೆ.

ಮೊದಲು ನಿಮ್ಮ ಮೇಜನ್ನು ನೋಡಿ. ಹೋಟೆಲಿನ ಮೇಜಿನ ಮೇಲೆ ಧೂಳು ಕೂರುವುದು ಕಡಿಮೆ. ಅಲ್ಲಿರುವುದು ಎಣ್ಣೆ, ಸಾರು, ಕೈಯ ಬೆವರು ಎಲ್ಲ ಸೇರಿ ಹತ್ತಿಕೊಂಡ ಪದರ. ಬೆರಳು ಇಟ್ಟರೆ ಅಂಟುತ್ತದೆ, ಉಗುರಿನಿಂದ ಕೆರೆದರೆ ಸುರುಳಿಯಾಗಿ ಬರುತ್ತದೆ. ಕನ್ನಡದಲ್ಲಿ ಅದಕ್ಕೆ ಜಿಡ್ಡು ಎನ್ನುತ್ತಾರೆ. ‘ಜಿಡ್ಡುಗಟ್ಟಿದ ಮೇಜು’ ಎಂದು ಬರೆದ ತಕ್ಷಣ ಬಿಸಿನೀರು ಮತ್ತು ಸೋಪು ಬೇಕು, ಒದ್ದೆ ಬಟ್ಟೆಯ ಒಂದು ಒರೆತದಿಂದ ಆಗದು ಎಂಬ ಸೂಚನೆಯೂ ಅದರೊಳಗೇ ಸೇರಿಕೊಂಡಿತು. ಅಡುಗೆಕೋಣೆಯ ಗೋಡೆಗಾದರೆ ‘ಮಸಿ ಹಿಡಿದ’ ಎನ್ನಬಹುದು, ಶೌಚಾಲಯದ ನೆಲಕ್ಕೆ ‘ಪಾಚಿ ಕಟ್ಟಿದ’. ನಮ್ಮ ಊರಿನ ಮಳೆಗಾಲದಲ್ಲಿ ಈ ಕೊನೆಯದಕ್ಕೆ ವಿವರಣೆಯೇ ಬೇಡ, ಜಾರಿ ಬಿದ್ದವರೆಲ್ಲ ಬಲ್ಲರು. ‘ಕೊಳಕು’ ಎಂಬುದು ಇವೆಲ್ಲವನ್ನೂ ಒಂದೇ ಗೋಣಿಗೆ ತುಂಬುವ ಪದ. ಬೈಯುವುದಕ್ಕೆ ಒಳ್ಳೆಯದು, ಕೆಲಸ ಹೇಳುವುದಕ್ಕೆ ಸಾಲದು.

ತರಕಾರಿಯ ಕಡೆ ಬೇರೆಯೇ ತೊಡಕಿದೆ. ‘ಕೊಳಕು’ ತೆಗೆದು ‘ಕೊಳೆ ತರಕಾರಿ’ ಎಂದು ಬರೆಯಲು ಮನಸ್ಸಾಗಬಹುದು. ಬೇಡ. ಕನ್ನಡದಲ್ಲಿ ‘ಕೊಳೆ’ ಎಂದರೆ ಮೈಗೆ ಹತ್ತಿದ ಮಣ್ಣು, ಮಲ. ಅದೇ ‘ಕೊಳೆ’ ಕ್ರಿಯಾಪದವೂ ಹೌದು, ಹಾಳಾಗಿ ಕರಗುವುದು ಎಂಬ ಅರ್ಥದಲ್ಲಿ. ಅಡಿಕೆ ತೋಟವಿರುವ ಮನೆಯವರಿಗೆ ‘ಕೊಳೆ’ ಎಂದರೆ ಮೊದಲು ನೆನಪಾಗುವುದು ಜುಲೈ ತಿಂಗಳ ಕೊಳೆರೋಗ, ಬಟ್ಟೆಯ ಕೊಳೆಯಲ್ಲ. ಮಣ್ಣು ಮೆತ್ತಿದ ಗೆಣಸನ್ನು ತೊಳೆದರೆ ತಿನ್ನಬಹುದು, ಕೊಳೆತ ಟೊಮೆಟೊವನ್ನು ಎಷ್ಟು ತೊಳೆದರೂ ಬಿಸಾಡಬೇಕು. ಒಂದಕ್ಕೆ ‘ತೊಳೆಯದ ತರಕಾರಿ’ ಎಂದೂ ಇನ್ನೊಂದಕ್ಕೆ ‘ಕೊಳೆತ ತರಕಾರಿ’ ಎಂದೂ ಬಿಡಿಸಿ ಬರೆಯಿರಿ.

ಈಗ ನೀರು. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇಲ್ಲಿನ ಪದದೋಷ ಹೊಟ್ಟೆಗೆ ತಲಪುತ್ತದೆ. ‘ಕೊಳಕು ನೀರು’ ಎಂದು ಓದಿದವನು ನೀರನ್ನು ಕಣ್ಣಿನಿಂದ ಅಳೆಯುತ್ತಾನೆ. ಮುರಕಲ್ಲಿನ ಬಾವಿಯಲ್ಲಿ ಮೊದಲ ಮಳೆಗೆ ನೀರು ಕೆಂಪಾಗಿ ಕದಡುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ಪಕ್ಕದಲ್ಲೇ ಶೌಚಗುಂಡಿ ಇರುವ ಇನ್ನೊಂದು ಬಾವಿಯ ನೀರು ಕನ್ನಡಿಯಂತೆ ತಿಳಿಯಾಗಿರಬಹುದು, ಆದರೆ ಅದರಲ್ಲಿ ಮಲದಿಂದ ಬಂದ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇರಬಹುದು. ಕಣ್ಣಿಗೆ ಕೊಳಕಲ್ಲದ ಆ ನೀರಿಗೆ ಹೇಳುವ ಪದ ‘ಕಲುಷಿತ’. ಅದನ್ನು ಪ್ರಯೋಗಾಲಯ ಹೇಳಬೇಕು, ಕಣ್ಣು ಹೇಳಲಾರದು. ಹಾಗಾಗಿ ಫಲಕದಲ್ಲಿ ‘ಕಲುಷಿತ ನೀರು ಬಳಸಬಾರದು’ ಎಂದಷ್ಟೇ ಬರೆದು ಬಿಟ್ಟರೂ ಪ್ರಯೋಜನವಿಲ್ಲ. ತನ್ನ ನೀರು ಕಲುಷಿತವೆಂದು ಯಾವ ಹೋಟೆಲಿನವನೂ ಅಂದುಕೊಳ್ಳುವುದಿಲ್ಲ. ‘ಪರೀಕ್ಷೆ ಮಾಡಿಸಿದ ನೀರನ್ನೇ ಬಳಸಿ, ಕುಡಿಯಲು ಕುದಿಸಿ ಆರಿಸಿದ ನೀರು ಕೊಡಿ’ ಎಂದು ಕೆಲಸದ ರೂಪದಲ್ಲಿ ಬರೆಯಬೇಕು. ಅಂದ ಹಾಗೆ ಚರಂಡಿಯಲ್ಲಿ ಹರಿಯುವುದು ‘ಕೊಳಚೆ ನೀರು’, ಅದು ಮೂರನೆಯದು.

‘ಅನೈರ್ಮಲ್ಯ’ ಮತ್ತೊಂದು ಜಾತಿಯ ಪದ. ಮಲ ಇಲ್ಲದ್ದು ನಿರ್ಮಲ, ಅದರ ಗುಣ ನೈರ್ಮಲ್ಯ, ಅದು ಇಲ್ಲದಿದ್ದರೆ ಅನೈರ್ಮಲ್ಯ. ಕೊಳೆ ಇಲ್ಲದಿರುವುದು ಇಲ್ಲದಿರುವುದು! ಎರಡು ಸಲ ಇಲ್ಲವೆಂದು ಹೇಳಿ ಇದೆ ಎನ್ನುವ ಈ ಪದ ಮೀನಿನ ಬುಟ್ಟಿಯ ಮುಂದೆ ನಿಂತವರ ಬಾಯಿಗೆ ಬರುವುದಿಲ್ಲ. ‘ನೈರ್ಮಲ್ಯವಿಲ್ಲದ’ ಎಂದರೆ ಸ್ವಲ್ಪ ವಾಸಿ. ಪತ್ರಿಕೆಗಳಲ್ಲಿ ಇದರ ಜಾಗಕ್ಕೆ ‘ಅನಾರೋಗ್ಯಕರ’ ಬರುವುದುಂಟು. ಅದು ತಪ್ಪು ದಾರಿ: ಶುಚಿಯಾಗಿ ಕರಿದ ಬಜ್ಜಿಯೂ ದಿನವೂ ತಿಂದರೆ ಅನಾರೋಗ್ಯಕರವೇ, ಅಲ್ಲಿ ನೈರ್ಮಲ್ಯದ ಕೊರತೆ ಇಲ್ಲ. ಹಾಗೆಯೇ ಫಳಫಳ ಹೊಳೆಯುವ ಮೇಜು ಸ್ವಚ್ಛವಾಗಿ ಕಂಡರೂ ಬೆಳಗಿನಿಂದ ಒಂದೇ ಬಟ್ಟೆಯಲ್ಲಿ ಎಲ್ಲ ಮೇಜುಗಳನ್ನೂ ಒರೆಸಿದ್ದರೆ ಅಲ್ಲಿ ನೈರ್ಮಲ್ಯವಿಲ್ಲ.

ಇಷ್ಟಾದರೂ ಈ ಪದವನ್ನು ಒಂದು ಕಡೆ ಉಳಿಸಿಕೊಳ್ಳಲೇಬೇಕು, ದಂಡದ ಮಾತು ಬರುವ ಸಾಲಿನಲ್ಲಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 56ನೇ ಸೆಕ್ಷನ್ ನೈರ್ಮಲ್ಯವಿಲ್ಲದ ಸ್ಥಿತಿಯಲ್ಲಿ ಆಹಾರ ತಯಾರಿಸುವವರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದೆನ್ನುತ್ತದೆ. ಕಾನೂನನ್ನು ಹೇಳುವ ಸಾಲಿನಲ್ಲಿ ಒಂದೇ ಪದವನ್ನು ಎಷ್ಟು ಸಲ ಬೇಕಾದರೂ ಹಾಗೆಯೇ ಬಳಸಿ. ಮೇಲೆ ‘ನೈರ್ಮಲ್ಯವಿಲ್ಲದ’ ಎಂದು ಬರೆದು ಕೆಳಗೆ ‘ಅಶುಚಿಯಾದ’ ಎಂದು ಬರೆದರೆ ಇವೆರಡೂ ಬೇರೆ ಬೇರೆ ತಪ್ಪುಗಳೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಇನ್ನು ನಿಮ್ಮ ಕರಡಿನ ಮೊದಲ ಪದ. ‘ವೃತ್ತಿಹೀನ’! ಮಲಯಾಳದಲ್ಲಿ ‘ವೃತ್ತಿ’ ಎಂದರೆ ಶುಚಿತ್ವ, ಕನ್ನಡದಲ್ಲಿ ಉದ್ಯೋಗ. ನಿಮ್ಮ ಸಾಲನ್ನು ಕನ್ನಡದವರು ‘ಕೆಲಸವಿಲ್ಲದವರ ಪರಿಸರದಲ್ಲಿ ಆಹಾರ ತಯಾರಿಸಬಾರದು’ ಎಂದು ಓದಿಕೊಂಡಾರು. ನಗಬೇಡಿ, ನಾನೂ ಈ ಹಳ್ಳಕ್ಕೆ ಬಿದ್ದವನೇ. ವರ್ಷಗಳ ಹಿಂದೆ ಒಂದು ಸಭಾಂಗಣದವರು ತಂದುಕೊಟ್ಟ ಬರಹವನ್ನು ಕಣ್ಣುಮುಚ್ಚಿ ಜೋಡಿಸಿ ‘ಪರಿಸರವನ್ನು ವೃತ್ತಿಯಾಗಿ ಇಟ್ಟುಕೊಳ್ಳಿ’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ಒಬ್ಬ ನಿವೃತ್ತ ಮೇಷ್ಟ್ರು ಅಂಗಡಿಗೆ ಬಂದು, “ಪರಿಸರದಿಂದ ತಿಂಗಳಿಗೆ ಎಷ್ಟು ಸಂಬಳ ಬರುತ್ತದೆಯಪ್ಪ?” ಎಂದು ಕೇಳಿದ ಮೇಲೆ ಗೊತ್ತಾಯಿತು. ಎರಡು ಭಾಷೆಗಳನ್ನೂ ದಿನವೂ ಆಡುವವರಿಗೇ ಈ ತಪ್ಪು ಹೆಚ್ಚು, ಕಿವಿಗೆ ಪದ ಪರಿಚಿತವಾಗಿರುವುದರಿಂದ ಕಣ್ಣು ತಡೆಯುವುದಿಲ್ಲ.

‘ಮಾಲಿನ್ಯ ನಿಕ್ಷೇಪಿಸಬಾರದು’ ಎಂಬುದೂ ಇದೇ ಬಗೆಯದು. ಮಲಯಾಳದ ‘ಮಾಲಿನ್ಯಂ’ ಕಸ, ತ್ಯಾಜ್ಯ. ಕೈಯಲ್ಲಿ ಹಿಡಿದು ಎಸೆಯಬಹುದಾದ ವಸ್ತು. ಕನ್ನಡದ ‘ಮಾಲಿನ್ಯ’ ಒಂದು ಸ್ಥಿತಿ: ವಾಯುಮಾಲಿನ್ಯ, ಜಲಮಾಲಿನ್ಯ. ಅದನ್ನು ಎಸೆಯಲಾಗದು, ಉಂಟುಮಾಡಬಹುದು ಅಷ್ಟೇ. ‘ನಿಕ್ಷೇಪ’ವಂತೂ ಕನ್ನಡದಲ್ಲಿ ನೆಲದೊಳಗಿನ ನಿಧಿ, ಅದಿರು. ಕೇರಳ ಸರ್ಕಾರದ ‘ಮಾಲಿನ್ಯಮುಕ್ತಂ ನವಕೇರಳಂ’ ಎಂಬ ಅಭಿಯಾನದ ಹೆಸರೇ ಗೋಡೆಗೋಡೆಯಲ್ಲಿ ಇರುವುದರಿಂದ ಈ ಪದ ನಮ್ಮ ಕನ್ನಡದೊಳಕ್ಕೆ ಹೊಸ ಅರ್ಥದಲ್ಲಿ ನುಗ್ಗುತ್ತಿದೆ. ಅಭಿಯಾನದ ಹೆಸರನ್ನು ಹೆಸರಾಗಿಯೇ ಬಿಡಿ. ಸೂಚನೆಯ ವಾಕ್ಯದಲ್ಲಿ ‘ಕಸ ಹಾಕಬಾರದು’ ಎನ್ನಿ. ಕಸ ಒಯ್ಯಲು ಬರುವ ‘ಹರಿತ ಕರ್ಮ ಸೇನೆ’ಯ ‘ಹರಿತ’ ಮಲಯಾಳದಲ್ಲಿ ಹಸಿರು, ಕನ್ನಡದಲ್ಲಿ ಮಚ್ಚಿನ ಅಲಗು. ಆದರೂ ಆ ಹೆಸರಿಗೆ ಎಲ್ಲರೂ ಒಗ್ಗಿಹೋಗಿದ್ದಾರೆ, ಅದನ್ನು ತಿದ್ದಲು ಹೋಗಬೇಡಿ.

ನೀವು ಕೇಳಿದ ಪಟ್ಟಿಯಲ್ಲಿ ಇನ್ನು ಉಳಿದವು ‘ಅಶುದ್ಧ’, ‘ಮಲಿನ’ ಮತ್ತು ‘ಹೊಲಸು’. ‘ಅಶುದ್ಧ’ದಲ್ಲಿ ಮಡಿ-ಮೈಲಿಗೆಯ ವಾಸನೆ ಇದೆ. ದೇವಸ್ಥಾನದ ಕೆರೆಯ ಬಳಿ ‘ಕೆರೆಯನ್ನು ಅಶುದ್ಧಗೊಳಿಸಬಾರದು’ ಎಂದು ಬರೆದರೆ ಸೋಪು ಹಾಕಬೇಡಿ ಎಂದೋ ಇಂಥವರು ಇಳಿಯಬೇಡಿ ಎಂದೋ ತಿಳಿಯದು. ‘ಮಲಿನ’ ಬರಹಕ್ಕೆ ಸರಿ, ಆದರೆ ಮನಸ್ಸಿಗೂ ಅದೇ, ಬಟ್ಟೆಗೂ ಅದೇ. ಫಲಕದಲ್ಲಿ ತೂಕ ಕಡಿಮೆ. ‘ಹೊಲಸು’ ಎಂಬುದು ಬೈಗುಳ, ಮೇಲಾಗಿ ಅದರ ಮಗ್ಗುಲಲ್ಲೇ ‘ಹೊಲೆ’ ಎಂಬ ಪದವಿದೆ, ಅದನ್ನು ಜಾತಿಯ ಮೇಲೆ ಹೊರಿಸಿದ ಇತಿಹಾಸವೂ ಇದೆ. ಸ್ವಚ್ಛತೆಯ ಕೆಲಸ ಮಾಡುವವರೇ ನಿತ್ಯ ಓದಬೇಕಾದ ಫಲಕಕ್ಕೆ ನಾನಂತೂ ಅದನ್ನು ಹಾಕುವುದಿಲ್ಲ. ನೀವು ಕೇಳದ ಒಂದು ಪದವನ್ನು ಶಿಫಾರಸು ಮಾಡುತ್ತೇನೆ: ಗಲೀಜು. ಅರಬ್ಬಿಯಲ್ಲಿ ದಪ್ಪ, ಒರಟು ಎಂಬ ಅರ್ಥವಿದ್ದ ಪದ, ಪಾರಸಿ ಮತ್ತು ಉರ್ದುವಿನ ದಾರಿಯಲ್ಲಿ ಕೊಳಕಾಗಿ ನಮ್ಮಲ್ಲಿಗೆ ಬಂತು. ಕಚೇರಿಯ ಪತ್ರಕ್ಕೆ ಹೊಂದುವುದಿಲ್ಲ, ಮಾರುಕಟ್ಟೆಯ ಗೋಡೆಗೆ ಅದಕ್ಕಿಂತ ಬೇಗ ತಲಪುವ ಪದವಿಲ್ಲ.

ನಿಮ್ಮ ಸೂಚನೆಯನ್ನು ನಾನಾದರೆ ಹೀಗೆ ಜೋಡಿಸುತ್ತಿದ್ದೆ:

“ಜಿಡ್ಡುಗಟ್ಟಿದ ಮೇಜನ್ನೂ ಎಂಜಲು ಪಾತ್ರೆಗಳನ್ನೂ ಬಿಸಿನೀರು, ಸೋಪಿನಿಂದ ತೊಳೆಯಿರಿ. ತರಕಾರಿಯನ್ನು ತೊಳೆದು ಹೆಚ್ಚಿರಿ, ಕೊಳೆತದ್ದನ್ನು ಬಿಸಾಡಿ. ಪರೀಕ್ಷೆ ಮಾಡಿಸಿದ ನೀರನ್ನೇ ಬಳಸಿ, ಕುಡಿಯಲು ಕುದಿಸಿ ಆರಿಸಿದ ನೀರು ಕೊಡಿ. ಚರಂಡಿಗೆ ಕಸ, ಮೀನಿನ ತ್ಯಾಜ್ಯ ಹಾಕಬಾರದು. ಮಾರುಕಟ್ಟೆಯನ್ನು ಗಲೀಜು ಮಾಡಬಾರದು. ನೈರ್ಮಲ್ಯವಿಲ್ಲದ ಸ್ಥಿತಿಯಲ್ಲಿ ಆಹಾರ ತಯಾರಿಸಿದರೆ ಕಾಯ್ದೆಯ ಪ್ರಕಾರ 1 ಲಕ್ಷ ರೂಪಾಯಿವರೆಗೆ ದಂಡ.”

‘ಕೊಳಕು’ ಒಂದು ಸಲವೂ ಬರಲಿಲ್ಲ, ಗಮನಿಸಿದಿರಾ? ‘ಕೊಳಕು ಪಾತ್ರೆ’ಯ ಜಾಗದಲ್ಲಿ ‘ಎಂಜಲು ಪಾತ್ರೆ’ ಎಂದು ಹಾಕಿದ್ದೇನೆ, ಹೋಟೆಲಿನಲ್ಲಿ ತೊಳೆಯಬೇಕಾದದ್ದು ಅದೇ ಅಲ್ಲವೇ. ಮಲಯಾಳ ಭಾಗದಲ್ಲಿ ‘ವೃತ್ತಿ’ ಹಾಗೆಯೇ ಇರಲಿ, ಅಲ್ಲಿ ಅದಕ್ಕೆ ಯಾವ ದೋಷವೂ ಇಲ್ಲ. ಆದರೆ ಅಚ್ಚಿಗೆ ಕೊಡುವ ಮೊದಲು ಕನ್ನಡ ಭಾಗವನ್ನು ಮಲಯಾಳ ಬಾರದ ಒಬ್ಬರಿಗೆ, ಮಂಗಳೂರು ಕಡೆಯ ನೆಂಟರು ಯಾರಾದರೂ ಇದ್ದರೆ ಅವರಿಗೆ, ಒಮ್ಮೆ ಓದಿಸಿ. ನಮ್ಮ ಕಿವಿಗೆ ತಾಗದ್ದು ಅವರಿಗೆ ಮೊದಲ ಸಾಲಿನಲ್ಲೇ ತಾಗುತ್ತದೆ.